ಅವ್ವನಿಗೆ ಕಳಿಸಿದ ಬಿಪಿ ಮಷೀನ್

ಪ್ರಶ್ನೆ: ನಾನು ಟೊರಾಂಟೊದಲ್ಲಿ ಕೆಲಸ ಮಾಡ್ತಿದ್ದೇನೆ. ಅಪ್ಪ-ಅಮ್ಮ ಸೇಡಂ ಹತ್ತಿರದ ಹಳ್ಳಿಯಲ್ಲಿದ್ದಾರೆ, ಇಬ್ಬರಿಗೂ ಬಿಪಿ. ಇಲ್ಲಿಂದ ಒಳ್ಳೆ ಬಿಪಿ ಮಷೀನ್ ಗಿಫ್ಟ್ ಅಂತ ಕಳಿಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುತ್ತಾ? ಮನೆವರೆಗೆ ತಲುಪುತ್ತಾ?

ತಲುಪುತ್ತೆ. ಆದರೆ ದಯವಿಟ್ಟು ಅಲ್ಲಿಂದ ಕಳಿಸಬೇಡಿ, ಕಲಬುರಗಿಯಲ್ಲೇ ಕೊಡಿಸಿ. ನಾನು ಅಮೆರಿಕದಿಂದ ಆಳಂದದ ನಮ್ಮ ಮನೆಗೆ ಇದನ್ನೇ ಕಳಿಸಿದ್ದೆ, ಅದಕ್ಕೇ ಹೇಳ್ತಿದ್ದೇನೆ.

ಮಷೀನಿಗೆ 60 ಡಾಲರ್, ಕೊರಿಯರ್‌ಗೆ 48 ಡಾಲರ್ ಕೊಟ್ಟಿದ್ದೆ. ಡಬ್ಬಿ ಮೇಲೆ ಗಿಫ್ಟ್ ಅಂತ ಬರೆದರೆ ಸುಂಕ ಇರಲ್ಲ ಅಂದುಕೊಂಡಿದ್ದೆ. ಹಿಂದೆ 5,000 ರೂಪಾಯಿವರೆಗಿನ ಗಿಫ್ಟ್‌ಗೆ ಆ ವಿನಾಯಿತಿ ಇತ್ತು. 2019ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದುಬಿಟ್ಟರು. ಈಗ ಅದು ಉಳಿದಿರುವುದು ರಾಖಿಗೆ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ. ಸುಂಕ ಹಾಕುವುದು ಬರೀ ವಸ್ತುವಿನ ಬೆಲೆ ಮೇಲಲ್ಲ, ಸಾಗಣೆ ಖರ್ಚನ್ನೂ ಸೇರಿಸುತ್ತಾರೆ. ಅಂದರೆ ನನ್ನ ಮಷೀನಿಗೆ 60 ಡಾಲರ್‌ಗಿಂತ ಜಾಸ್ತಿ ಮೊತ್ತದ ಮೇಲೆ ಲೆಕ್ಕ ಬಿತ್ತು. ಬೆಲೆ ಕಡಿಮೆ ಬರೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅನುಮಾನ ಬಂದರೆ ಪಾರ್ಸೆಲ್ ಬಿಚ್ಚಿ ನೋಡ್ತಾರೆ, ಅಲ್ಲೇ ಇನ್ನಷ್ಟು ದಿನ ಕೂರುತ್ತೆ.

ನಮ್ಮದು ಕೂತಿದ್ದು ಬೇರೆ ಕಾರಣಕ್ಕೆ. ಕೊರಿಯರ್‌ನಲ್ಲಿ ಬಂದದ್ದನ್ನು ಬಿಡಿಸಲು ಪಡೆಯುವವರ ಕೆವೈಸಿ ಬೇಕು, ಅಂದರೆ ಆಧಾರ್ ಥರದ ಗುರುತಿನ ದಾಖಲೆ. ಅದನ್ನು ಕೇಳಿ ಮೆಸೇಜು, ಫೋನು ಹೋಗಿದ್ದು ಅಪ್ಪನ ಮೊಬೈಲಿಗೆ. ಯಾರಿಗೂ ಆಧಾರ್ ಕೊಡಬೇಡ ಅಂತ ಅಪ್ಪನಿಗೆ ಹೇಳಿದ್ದವನು ನಾನೇ! ಒಂಬತ್ತು ದಿನ ಆದಮೇಲೆ ಮಾತಿನ ನಡುವೆ ಹೇಳಿದರು: "ಯಾರೋ ಪಾರ್ಸಲ್ ಬಂದದ ಅಂತ ಆಧಾರ್ ಕೇಳ್ಲಿಕತ್ತಿದ್ರು. ನಾ ಕೊಡ್ಲಿಲ್ಲ ನೋಡು." ಅಪ್ಪ ಮಾಡಿದ್ದು ಸರಿಯೇ. ಕಸ್ಟಮ್ಸ್ ಹೆಸರಿನಲ್ಲಿ ದುಡ್ಡು ಕೇಳುವ ಮೋಸದ ಫೋನು ನಮ್ಮ ಕಡೆಯೂ ಬರ್ತಾವೆ. ಆಮೇಲೆ ನಾನೇ ಕೊರಿಯರ್‌ನವರ ವೆಬ್‌ಸೈಟಿಗೆ ಹೋಗಿ, ರಸೀದಿಯಲ್ಲಿದ್ದ ಟ್ರ್ಯಾಕಿಂಗ್ ನಂಬರ್ ಹಾಕಿ ದಾಖಲೆ ಏರಿಸಿದೆ, ಸುಂಕ ಕಟ್ಟಿದೆ. ನೀವೂ ಹಾಗೇ ಮಾಡಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ. ಯಾರದೋ ಸ್ವಂತ ಖಾತೆಗೆ ಹಣ ಹಾಕು ಅಂದರೆ ಅದು ಕಸ್ಟಮ್ಸ್ ಅಲ್ಲವೇ ಅಲ್ಲ.

ಕೊನೆಗೆ ಮಷೀನ್ ಮನೆ ಮುಟ್ಟಿತು. ಅವ್ವನಿಗೆ 170 ತೋರಿಸಿತು. ರಾತ್ರಿಯೆಲ್ಲ ನನಗೆ ನಿದ್ದೆ ಇಲ್ಲ. ಮರುದಿನ ಡಾಕ್ಟರ್ ನೋಡಿದರೆ 142. ತಪ್ಪು ಮಷೀನಿನದಲ್ಲ, ತೋಳಿಗೆ ಸುತ್ತುವ ಪಟ್ಟಿಯದು. ಡಬ್ಬಿಯಲ್ಲಿ ಬಂದಿದ್ದು 22ರಿಂದ 32 ಸೆಂಟಿಮೀಟರ್ ತೋಳಿನ ಪಟ್ಟಿ, ಅವ್ವನ ತೋಳು 35. ಪಟ್ಟಿ ತೋಳಿಗೆ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ, ಇದು ನನಗೆ ಗೊತ್ತಿರಲಿಲ್ಲ. ಬದಲಾಯಿಸೋಣ ಅಂದರೆ ಆ ಮಾಡೆಲಿನ ದೊಡ್ಡ ಪಟ್ಟಿ ಕಲಬುರಗಿಯ ಯಾವ ಮೆಡಿಕಲ್‌ನಲ್ಲೂ ಸಿಗಲಿಲ್ಲ. ವಾರಂಟಿಯೂ ಅಮೆರಿಕದಲ್ಲಿ ಮಾತ್ರ. ಜೊತೆಗೆ ಬಂದ ಅಡಾಪ್ಟರ್ 120 ವೋಲ್ಟಿನದು. ಪುಣ್ಯಕ್ಕೆ ಅಪ್ಪ ಸೆಲ್ ಹಾಕಿದ್ದರು. ನಮ್ಮ 230 ವೋಲ್ಟ್ ಪ್ಲಗ್ಗಿಗೆ ಹಾಕಿದ್ದರೆ ಸುಟ್ಟೇ ಹೋಗ್ತಿತ್ತು. ಕೆನಡಾದಲ್ಲೂ ಕರೆಂಟ್ 120 ವೋಲ್ಟೇ. ಅಲ್ಲಿಂದ ಏನೇ ಕಳಿಸಿದರೂ ಅಡಾಪ್ಟರ್ ಮೇಲೆ INPUT: 100-240V ಅಂತ ಇದೆಯಾ ನೋಡಿಕೊಳ್ಳಿ.

ಎರಡನೇ ಸಲ ಅಕ್ಕನ ಮಗನಿಗೆ ದುಡ್ಡು ಹಾಕಿದೆ. ಅವನು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ತೋಳಿಗೆ ಸುತ್ತುವ ಮಷೀನನ್ನೇ, ದೊಡ್ಡ ಪಟ್ಟಿ ಸಮೇತ ತಗೊಂಡ. ಬಿಲ್ಲು ಅಪ್ಪನ ಹೆಸರಲ್ಲಿ, ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು. ಬಸ್ಸಿನಲ್ಲಿ ಆಳಂದಕ್ಕೆ ಹೋಗಿ ತಾನೇ ಕಲಿಸಿಕೊಟ್ಟ. ಐದು ನಿಮಿಷ ಸುಮ್ನೆ ಬೆನ್ನು ಆನಿಸಿ ಕೂರಬೇಕು, ಪಾದ ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟಕ್ಕೆ ಇರಬೇಕು. ಅಳೆಯುವಾಗ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು. ಅವ್ವನಿಗೆ ಮಾತಾಡದೆ ಕೂರುವುದೇ ಕಷ್ಟ ಆಯ್ತಂತೆ. ಆಮೇಲೆ ಅದೇ ಮಷೀನನ್ನು ಡಾಕ್ಟರ್ ಹತ್ತಿರ ಒಯ್ದು, ಅವರ ಮಷೀನಿನ ಜೊತೆ ತಾಳೆ ನೋಡಿಸಿದ.

ಆನ್‌ಲೈನಲ್ಲೇ ತರಿಸುವುದಾದರೆ ವಿಳಾಸ ಹಳ್ಳಿಯದು ಕೊಡಬೇಡಿ. ಸೇಡಂ ಅಥವಾ ಕಲಬುರಗಿಯಲ್ಲಿ ಹಗಲು ಮನೆಯಲ್ಲಿರುವ ನೆಂಟರದು ಕೊಡಿ, ಫೋನ್ ನಂಬರೂ ಅವರದೇ ಇರಲಿ. ಡೆಲಿವರಿ ಓಟಿಪಿ ನಿಮ್ಮ ಕೆನಡಾ ನಂಬರಿಗೆ ಬಂದರೆ ಆಗ ಅಲ್ಲಿ ನಡುರಾತ್ರಿ ಆಗಿರುತ್ತೆ, ಹುಡುಗ ಬಾಗಿಲಿಂದಲೇ ವಾಪಸ್ ಹೋಗ್ತಾನೆ.

ಇವತ್ತೇ ಮನೆಗೆ ಫೋನ್ ಮಾಡಿ, ಟೈಲರ್ ಟೇಪ್ ತರಿಸಿ ಇಬ್ಬರ ತೋಳೂ ಅಳೆಸಿ. ಭುಜ ಮತ್ತು ಮೊಣಕೈಯ ನಡುಮಧ್ಯೆ, ಸುತ್ತಳತೆ, ಸೆಂಟಿಮೀಟರ್‌ನಲ್ಲಿ. ಇಬ್ಬರ ಅಳತೆ ಬೇರೆ ಬೇರೆ ಬಂದರೆ ಒಂದೇ ಮಷೀನಿಗೆ ಎರಡು ಪಟ್ಟಿ ತಗೊಳ್ಳಿ.