ಜಾತಿ ಬಗ್ಗೆ ಓದಬೇಕಾ? ತಟಸ್ಥ ಪುಸ್ತಕ ಬಿಡಿ, ವಾಗ್ವಾದ ಇರುವ ಪುಸ್ತಕ ಹಿಡಿಯಿರಿ

ಪ್ರಶ್ನೆ: ಜಾತಿ ಮತ್ತು ಸಮಾಜ ಸುಧಾರಣಾ ಚಳವಳಿಗಳ ಬಗ್ಗೆ ಓದಬೇಕು ಅಂತಿದ್ದೇನೆ. ಒಂದೇ ಸಿದ್ಧಾಂತದ ಪುಸ್ತಕ ಬೇಡ, ಎಲ್ಲ ಕಡೆಯ ಮಾತೂ ಇರುವ ತಟಸ್ಥ ಪುಸ್ತಕ ಯಾವುದಿದೆ?

ಎಂ.ಎ. ಓದುವಾಗ ನಾನೂ ಇದನ್ನೇ ಹುಡುಕುತ್ತಿದ್ದೆ. ಹುಡುಕಿದ್ದು ಸಿಕ್ಕಿತು ಕೂಡ. ಅದರಿಂದಲೇ ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ಹಾಳಾಯಿತು.

ಅದೊಂದು ಸಂಕಲನ. ಗಾಂಧಿ, ಅಂಬೇಡ್ಕರ್, ಫುಲೆ, ಪೆರಿಯಾರ್, ನಾರಾಯಣ ಗುರು, ಎಲ್ಲರ ಮಾತುಗಳನ್ನೂ ವಿಷಯದ ಪ್ರಕಾರ ಜೋಡಿಸಿದ್ದರು. 'ಜಾತಿ', 'ಮದುವೆ', 'ದೇವಸ್ಥಾನ ಪ್ರವೇಶ' ಹೀಗೆ. ಒಬ್ಬೊಬ್ಬರಿಗೂ ಹೆಚ್ಚುಕಡಿಮೆ ಒಂದೇ ಅಳತೆಯ ಜಾಗ. ಇದಕ್ಕಿಂತ ನ್ಯಾಯವಾದ ಪುಸ್ತಕ ಇರಲಾರದು ಅನ್ನಿಸಿತ್ತು. ಆದರೆ ಯಾವ ಮಾತು ಯಾವ ವರ್ಷದ್ದು ಅಂತ ಅದರಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ.

ನಾನು ಮಾಡಿದ್ದು ಇಷ್ಟು. ಮದುಮಕ್ಕಳಲ್ಲಿ ಒಬ್ಬರು ದಲಿತರಾಗಿದ್ದರೆ ಮಾತ್ರ ಆಶ್ರಮದಲ್ಲಿ ಮದುವೆ ಅಂತ ಗಾಂಧಿ ಹೇಳಿದ್ದನ್ನು ಎತ್ತಿಕೊಂಡೆ. ಅದರ ಪಕ್ಕಕ್ಕೆ ಅಂಬೇಡ್ಕರರು ಗಾಂಧಿಯನ್ನು ಟೀಕಿಸಿದ ಮಾತುಗಳನ್ನು ಇಟ್ಟೆ. ಇಬ್ಬರ ಗುರಿಯೂ ಒಂದೇ, ಅಂಬೇಡ್ಕರರ ಸಿಟ್ಟು ಸ್ವಲ್ಪ ಜಾಸ್ತಿಯಾಯಿತು ಅಂತ ಬರೆದುಬಿಟ್ಟೆ. ಗೈಡ್ ಮೇಡಂ ಓದಿ ಒಂದೇ ಪ್ರಶ್ನೆ ಕೇಳಿದರು: "ಈ ಎರಡು ಮಾತು ಯಾವ್ಯಾವ ವರ್ಷದ್ದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಧ್ಯಾಯ ಕಿತ್ತುಹಾಕಬೇಕಾಯಿತು. ಸಲ್ಲಿಸುವುದು ಮುಂದಕ್ಕೆ ಹೋಯಿತು, ಫೆಲೋಶಿಪ್ಪಿಗೆ ಅರ್ಜಿ ಹಾಕುವ ಅವಕಾಶವೂ ತಪ್ಪಿತು.

ವರ್ಷ ಯಾಕೆ ಅಷ್ಟು ಮುಖ್ಯ ಅಂದರೆ, 1921ರಲ್ಲಿ ಗಾಂಧಿ ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಜಾತಿ ದಾಟಿದ ಊಟ, ಮದುವೆಗಳ ಮೇಲಿನ ಕಟ್ಟುಪಾಡನ್ನು ಸಮರ್ಥಿಸಿ ಬರೆದಿದ್ದರು. ಮದುವೆಯ ಷರತ್ತು 1940ರ ದಶಕದ್ದು. ನಡುವೆ ಇಪ್ಪತ್ತಕ್ಕೂ ಜಾಸ್ತಿ ವರ್ಷ ಇದೆ. ಅಂಬೇಡ್ಕರರ ಟೀಕೆ ಬಂದದ್ದು ಆ ನಡುವಿನಲ್ಲಿ, 1936-37ರಲ್ಲಿ. ಅವರು ಉತ್ತರ ಕೊಟ್ಟದ್ದು ಆಗಿನ ಗಾಂಧಿಗೆ. ನಾನು ಅವರೆದುರು ಹತ್ತು ವರ್ಷ ಆಮೇಲಿನ ಗಾಂಧಿಯನ್ನು ತಂದು ನಿಲ್ಲಿಸಿದ್ದೆ. ಯಾರನ್ನೂ ಬೈಯದೆ, ಯಾರ ಪಕ್ಷವನ್ನೂ ವಹಿಸದೆ ಅಂಬೇಡ್ಕರರಿಗೆ ಅನ್ಯಾಯ ಮಾಡಿದ್ದೆ. ಗಾಂಧಿಗೂ ಅನ್ಯಾಯವೇ. ಅವರು ಎಲ್ಲಿಂದ ಎಲ್ಲಿಗೆ ನಡೆದು ಬಂದರು ಅನ್ನುವುದೇ ನನ್ನ ಬರಹದಲ್ಲಿ ಅಳಿಸಿಹೋಗಿತ್ತು. ತಟಸ್ಥ ಅನ್ನಿಸಿಕೊಳ್ಳುವ ಸಂಕಲನಗಳಲ್ಲಿ ಈ ಅಪಾಯ ಇದ್ದೇ ಇದೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜಾತಿ ಬಗ್ಗೆ ಎಲ್ಲಿಯೂ ನಿಲ್ಲದೆ ಬರೆದ ಪುಸ್ತಕ ಇಲ್ಲ. ಇದ್ದರೂ ಅದು ನಿಮಗೆ ಬೇಡ. ನಿಮಗೆ ಬೇಕಿರುವುದು ಒಬ್ಬರಿಗೊಬ್ಬರು ನೇರವಾಗಿ ಉತ್ತರ ಕೊಟ್ಟ ಬರಹಗಳು. ಅಂಥ ಒಂದು ಪುಸ್ತಕ ಇದೆ, ಅಂಬೇಡ್ಕರರ 'ಜಾತಿ ವಿನಾಶ'.

ಅದು ಅಂಬೇಡ್ಕರರದ್ದೇ ಪುಸ್ತಕ, ಒಂದೇ ಪಕ್ಷ ಆಯಿತಲ್ವಾ ಅಂತ ನೀವು ಕೇಳಬಹುದು. ಅಲ್ಲ. ಅದು ಹುಟ್ಟಿದ ರೀತಿ ನೋಡಿ. ಲಾಹೋರಿನಲ್ಲಿ ಜಾತ್-ಪಾತ್ ತೋಡಕ್ ಮಂಡಲ ಅಂತ ಇತ್ತು. ಜಾತಿ ಒಡೆಯಬೇಕು ಅಂತ ಹೊರಟ ಹಿಂದೂ ಸುಧಾರಕರ ಸಂಘ ಅದು. 1936ರ ಸಮ್ಮೇಳನಕ್ಕೆ ಅಂಬೇಡ್ಕರರನ್ನು ಅಧ್ಯಕ್ಷರಾಗಿ ಕರೆದರು. ಭಾಷಣದ ಪ್ರತಿ ಓದಿದ ಮೇಲೆ ಮಂಡಲದವರಿಗೆ ಹೆದರಿಕೆಯಾಯಿತು. ಶಾಸ್ತ್ರಗಳ ಅಧಿಕಾರವನ್ನೇ ಕಿತ್ತೊಗೆಯದೆ ಜಾತಿ ಹೋಗುವುದಿಲ್ಲ ಅಂತ ಅದರಲ್ಲಿತ್ತು. ಕೆಲವು ಭಾಗ ತೆಗೆಯಿರಿ ಅಂದರು. ಒಂದು ಕಾಮಾ ಕೂಡ ಬದಲಿಸುವುದಿಲ್ಲ ಅಂದರು ಅಂಬೇಡ್ಕರ್. ಸಮ್ಮೇಳನ ರದ್ದಾಯಿತು. ಭಾಷಣವನ್ನು ಅವರೇ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು.

ಅದನ್ನು ಓದಿ ಗಾಂಧಿ 'ಹರಿಜನ್' ಪತ್ರಿಕೆಯಲ್ಲಿ ಬರೆದರು. ಯಾವ ಸುಧಾರಕನೂ ಈ ಭಾಷಣವನ್ನು ಕಡೆಗಣಿಸುವಂತಿಲ್ಲ ಅಂದರು. ಎಂಟಾಣೆ ಬೆಲೆ ಜಾಸ್ತಿಯಾಯಿತು, ಎರಡಾಣೆಗೋ ನಾಲ್ಕಾಣೆಗೋ ಇಳಿಸಿ ಅಂತಲೂ ಹೇಳಿದರು. ಆದರೆ ವಾದವನ್ನು ಒಪ್ಪಲಿಲ್ಲ. ಜಾತಿಗೂ ಧರ್ಮಕ್ಕೂ ಸಂಬಂಧ ಇಲ್ಲ, ವರ್ಣವೇ ಬೇರೆ ಅಂದರು. ಅವರ ಪ್ರಕಾರ ವರ್ಣ ಅಂದರೆ ಪ್ರತಿಯೊಬ್ಬರೂ ತಮ್ಮ ಹಿರಿಯರ ಕಸುಬಿನಿಂದ ಹೊಟ್ಟೆ ಹೊರೆಯುವುದು, ಕಸುಬುಗಳಲ್ಲಿ ಮೇಲು ಕೀಳು ಇಲ್ಲ. ಧರ್ಮವನ್ನು ಅದರ ಕೆಟ್ಟ ಮಾದರಿಗಳಿಂದ ಅಳೆಯಬಾರದು, ಚೈತನ್ಯ, ತುಕಾರಾಮರಂಥವರಿಂದ ಅಳೆಯಬೇಕು ಅಂತ ಕೇಳಿದರು.

ಆಗ ಗಾಂಧಿಗೆ ಉತ್ತರ ಕೊಟ್ಟವರಲ್ಲಿ ಅದೇ ಮಂಡಲದ ಸಂತ ರಾಮ್ ಕೂಡ ಒಬ್ಬರು. ಜಾತಿ ಬೇರೆ, ವರ್ಣ ಬೇರೆ ಅನ್ನುವ ಈ ಸೂಕ್ಷ್ಮ ಜನರಿಗೆ ತಲುಪುವುದಿಲ್ಲ, ಬದುಕಿನಲ್ಲಿ ಎರಡೂ ಒಂದೇ ಅಂತ ಅವರು ಬರೆದರು. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅಂಬೇಡ್ಕರರ ಭಾಷಣಕ್ಕೆ ಹಿಂಜರಿದ ಸಂಘದವರೇ ಗಾಂಧಿಯನ್ನೂ ಒಪ್ಪಲಿಲ್ಲ. ಎರಡೇ ಪಕ್ಷ ಅಂದುಕೊಂಡು ಓದಿದರೆ ಈ ಮೂರನೆಯ ದನಿ ಕಿವಿಗೆ ಬೀಳುವುದೇ ಇಲ್ಲ.

ಅಂಬೇಡ್ಕರ್ 1937ರ ಎರಡನೆಯ ಮುದ್ರಣದಲ್ಲಿ ಗಾಂಧಿಯ ಬರಹವನ್ನೂ ಸೇರಿಸಿ, ತಮ್ಮ ಉತ್ತರವನ್ನು ಜೊತೆಗಿಟ್ಟರು. ಸಂತರು ದೇವರ ಮುಂದೆ ಎಲ್ಲರೂ ಸಮಾನ ಅಂದರೇ ಹೊರತು ಮನುಷ್ಯ ಮನುಷ್ಯರು ಸಮಾನ ಅನ್ನಲಿಲ್ಲ ಅಂದರು. ಹಿರಿಯರ ಕಸುಬು ಅನ್ನುತ್ತೀರಲ್ಲ, ಬನಿಯಾ ಮನೆತನದ ನಿಮ್ಮ ಹಿರಿಯರು ವ್ಯಾಪಾರ ಬಿಟ್ಟು ದಿವಾನರಾದರು, ನೀವು ವಕೀಲಿ ಕಲಿತಿರಿ, ಆಮೇಲೆ ಅದನ್ನೂ ಬಿಟ್ಟಿರಿ, ಹಾಗಾದರೆ ಆ ನಿಯಮವನ್ನು ಯಾರು ಪಾಲಿಸಬೇಕು ಅಂತ ಕೇಳಿದರು. ಹುಟ್ಟಿಗೆ ಕಸುಬು ಕಟ್ಟಿದ ಮೇಲೆ ಅದು ಜಾತಿಯೇ, ಹೆಸರು ಮಾತ್ರ ಬೇರೆ ಅಂತ ತೋರಿಸಿದರು. ನನ್ನ ಮಟ್ಟಿಗೆ ಈ ವಾದದಲ್ಲಿ ಅಂಬೇಡ್ಕರರೇ ಗೆದ್ದರು. ನಿಮಗೆ ಬೇರೆ ಅನ್ನಿಸಬಹುದು. ಆದರೆ ಹಾಗೆ ಹೇಳಲು ಬೇಕಾದ ಎಲ್ಲ ಕಾಗದವೂ ಒಂದೇ ಪುಸ್ತಕದಲ್ಲಿ ಇದೆ.

ಕೊಳ್ಳುವ ಮುಂಚೆ ಪರಿವಿಡಿ ನೋಡಿ. ಮಂಡಲದ ಜೊತೆಗಿನ ಪತ್ರಗಳು, ಭಾಷಣ, ಗಾಂಧಿಯ ಬರಹ, ಅಂಬೇಡ್ಕರರ ಉತ್ತರ, ಈ ನಾಲ್ಕೂ ಇರಬೇಕು. ಬರೀ ಭಾಷಣ ಇರುವ ಪ್ರತಿ ನಿಮ್ಮ ಉದ್ದೇಶಕ್ಕೆ ಸಾಲದು.

ಇದಾದ ಮೇಲೆ ಡಿ.ಆರ್. ನಾಗರಾಜ್ ಇಂಗ್ಲಿಷಿನಲ್ಲಿ ಬರೆದ 'ದಿ ಫ್ಲೇಮಿಂಗ್ ಫೀಟ್' ಓದಿ. ಅದು 1993ರಲ್ಲಿ ಬಂದದ್ದು. ಮೇಲ್ಜಾತಿಯವರ ಆತ್ಮಶುದ್ಧಿಯ ದಾರಿ ಗಾಂಧಿಯದು, ದಲಿತರ ಆತ್ಮಗೌರವದ ದಾರಿ ಅಂಬೇಡ್ಕರರದು ಅಂತ ಬಿಡಿಸಿ, ಜಗಳದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬದಲಿಸಿದರು ಅಂತ ಅವರು ವಾದಿಸುತ್ತಾರೆ. ನಾನು ಬರೆಯಲು ಹೊರಟು ಕೆಡಿಸಿದ ಮಾತು ಇದೇ. ಅವರು ಆಧಾರ ಇಟ್ಟು ಹೇಳಿದ್ದಾರೆ. ಆದರೆ ಇದನ್ನು ಮೊದಲು ಓದಬೇಡಿ, ಅವರ ತೀರ್ಪು ನಿಮ್ಮ ತಲೆಯಲ್ಲಿ ಕೂತುಬಿಡುತ್ತದೆ.

ಸಮಾಜಶಾಸ್ತ್ರದ ಪುಸ್ತಕಗಳು ಆಮೇಲೆ ಬರಲಿ. ಅದಕ್ಕೂ ಮುಂಚೆ ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಎರಡನ್ನೂ ಓದಿ. ಎರಡೂ ದಲಿತರ ಆತ್ಮಕಥನಗಳೇ, ಆದರೂ ಒಂದೇ ದನಿಯಲ್ಲ. ಸಿದ್ಧಲಿಂಗಯ್ಯ ನಗಿಸುತ್ತಾ ಹೇಳುತ್ತಾರೆ, ಮಾಲಗತ್ತಿ ಅವಮಾನವನ್ನು ಹಾಗೆಯೇ ಮುಂದಿಡುತ್ತಾರೆ. ನೀವು ಕೇಳಿದ ಹಲವು ದೃಷ್ಟಿಕೋನ ಬರೀ ಬೇರೆ ಬೇರೆ ಪಕ್ಷಗಳ ನಡುವೆ ಇಲ್ಲ, ಒಂದೇ ಕಡೆ ನಿಂತವರ ನಡುವೆಯೂ ಇದೆ.

'ಜಾತಿ ವಿನಾಶ' ಓದುವಾಗ ಗಾಂಧಿಯ ಬರಹ ಮುಗಿದ ಕಡೆ ಒಂದು ದಿನ ನಿಲ್ಲಿಸಿ. ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ ಅಂತ ಒಂದು ಪುಟ ಬರೆದಿಡಿ. ಆಮೇಲೆ ಅಂಬೇಡ್ಕರರ ಉತ್ತರಕ್ಕೆ ಹೋಗಿ.