ಗೂಗಲ್ ಖಾತೆ ಅಳಿಸುವ ಮೊದಲು, ಅದಿಲ್ಲದೆ ಒಂದು ತಿಂಗಳು ಇದ್ದು ನೋಡಿ

ಪ್ರಶ್ನೆ: ಸರ್, ನನ್ನ ಗೂಗಲ್ ಖಾತೆಗೆ ಹದಿನಾಲ್ಕು ವರ್ಷ ಆಯ್ತು. ಈಗ ಬೇರೆ ಕಂಪನಿಯ ಮೇಲ್ ಬಳಸ್ತಿದ್ದೀನಿ, ಹಳೇದನ್ನ ಪೂರ್ತಿ ಡಿಲೀಟ್ ಮಾಡಬೇಕು ಅಂತಿದ್ದೀನಿ. ಫೋನ್ ಆಂಡ್ರಾಯ್ಡ್. ದುಡ್ಡು ಕೊಟ್ಟು ತಗೊಂಡ ಆ್ಯಪ್‌ಗಳಿವೆ. ಎಷ್ಟೋ ಕಡೆ ಗೂಗಲ್ ಬಟನ್ ಒತ್ತಿ ಸೈನ್ ಇನ್ ಆಗಿದ್ದೀನಿ, ಎಲ್ಲೆಲ್ಲಿ ಅಂತ ನೆನಪಿಲ್ಲ. ಏನೇನು ಕೈತಪ್ಪುತ್ತೆ ಅಂತ ಮೊದಲೇ ತಿಳಿಯೋದು ಹೇಗೆ?

ಉತ್ತರ: ಎಲ್ಲವನ್ನೂ ಒಟ್ಟಿಗೆ ತೋರಿಸುವ ಪಟ್ಟಿ ಗೂಗಲ್‌ನಲ್ಲಿ ಇಲ್ಲ. ಮೂರು ಕಡೆ ಹುಡುಕಿ ನೀವೇ ಪಟ್ಟಿ ಮಾಡಿಕೊಳ್ಳಬೇಕು.

ಮೊದಲನೆಯದು `myaccount.google.com/connections`. ನೀವು ಗೂಗಲ್ ಬಟನ್ ಒತ್ತಿ ಒಳಗೆ ಹೋದ ಆ್ಯಪ್ ಮತ್ತು ಸೈಟ್‌ಗಳು ಇಲ್ಲಿ ಕಾಣಿಸುತ್ತವೆ. ತುಂಬಾ ಜನ ಇದೊಂದನ್ನೇ ನೋಡಿ ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಆದರೆ ಜಿಮೇಲ್ ವಿಳಾಸ ಮತ್ತು ಬೇರೆ ಪಾಸ್‌ವರ್ಡ್ ಕೊಟ್ಟು ಖಾತೆ ತೆರೆದ ಸೈಟ್‌ಗಳು ಇಲ್ಲಿ ಬರುವುದೇ ಇಲ್ಲ, ಹದಿನಾಲ್ಕು ವರ್ಷದ ಖಾತೆಯಲ್ಲಿ ಅಂಥವೇ ಜಾಸ್ತಿ ಇರುತ್ತವೆ. ಅವುಗಳಲ್ಲಿ ಒಂದಷ್ಟು `passwords.google.com` ಪುಟದಲ್ಲಿ ಸಿಗುತ್ತವೆ, ಕ್ರೋಮ್‌ನಲ್ಲಿ ಪಾಸ್‌ವರ್ಡ್ ಉಳಿಸಿದ್ದರೆ ಮಾತ್ರ. ಉಳಿದದ್ದಕ್ಕೆ ಇನ್‌ಬಾಕ್ಸೇ ಗತಿ. ಜಿಮೇಲ್‌ನ ಹುಡುಕುವ ಜಾಗದಲ್ಲಿ ಈ ಎರಡನ್ನು ಒಂದೊಂದಾಗಿ ಹಾಕಿ:

```
subject:(welcome OR verify OR confirm)
category:purchases
```

ಮೊದಲನೆಯದು ಖಾತೆ ತೆರೆದಾಗ ಬಂದ ಸ್ವಾಗತದ ಮೇಲ್‌ಗಳನ್ನು ಎತ್ತಿ ತೋರಿಸುತ್ತದೆ, ಎರಡನೆಯದು ಖರೀದಿಯ ರಸೀದಿಗಳನ್ನು. ಮರೆತೇಹೋದ ಸೈಟ್‌ಗಳು ಸಾಲುಗಟ್ಟಿ ಬರುತ್ತವೆ. ಎಲ್ಲವನ್ನೂ ಉಳಿಸಿಕೊಳ್ಳುವ ಅಗತ್ಯವಿಲ್ಲ. ದುಡ್ಡು, ಗುರುತಿನ ದಾಖಲೆ, ಫೋಟೊ, ಕೆಲಸ, ಈ ನಾಲ್ಕರಲ್ಲಿ ಯಾವುದಕ್ಕಾದರೂ ಸಂಬಂಧಪಟ್ಟಿದ್ದರೆ ಬರೆದಿಟ್ಟುಕೊಳ್ಳಿ, ಉಳಿದದ್ದು ಹೋದರೆ ಹೋಗಲಿ.

ಇನ್ನು ಒಂದು ಆ್ಯಪನ್ನು ಹೇಗೆ ಬಿಡಿಸಿಕೊಳ್ಳುವುದು ಅಂತ ನೋಡೋಣ. ಟಿಪ್ಪಣಿ ಬರೆದಿಡುವ ಯಾವುದೋ ಆ್ಯಪ್ ಅಂತಿಟ್ಟುಕೊಳ್ಳಿ, ಗೂಗಲ್ ಬಟನ್ ಒತ್ತಿಯೇ ಅದಕ್ಕೆ ಸೇರಿದ್ದೀರಿ, ಪಾಸ್‌ವರ್ಡ್ ಅಂತ ಯಾವತ್ತೂ ಕೊಟ್ಟೇ ಇಲ್ಲ. ಆಮೇಲೆ ಹೊಸ ವಿಳಾಸದಿಂದ ಲಾಗಿನ್ ಆದರಾಯ್ತು ಅನ್ನಿಸಬಹುದು. ಆಗುವುದಿಲ್ಲ. ಗೂಗಲ್ ಪ್ರತಿ ಖಾತೆಗೂ ಎಂದೂ ಬದಲಾಗದ ಒಂದು ನಂಬರ್ ಕೊಟ್ಟಿರುತ್ತದೆ. ಸೈಟ್ ಮಾಡುವವರು ನಿಮ್ಮನ್ನು ಆ ನಂಬರಿನಿಂದಲೇ ಗುರುತಿಸಬೇಕು, ಮೇಲ್ ವಿಳಾಸದಿಂದ ಅಲ್ಲ ಅಂತ ಗೂಗಲ್ ಅವರಿಗೆ ಹೇಳಿದೆ. ಹಳೆಯ ಖಾತೆ ಹೋದರೆ ಆ ನಂಬರೂ ಹೋಯಿತು. ಹೊಸ ಗೂಗಲ್ ಖಾತೆಯಿಂದ ಬಟನ್ ಒತ್ತಿದರೆ ಖಾಲಿ ಖಾತೆಯೊಂದು ತೆರೆದುಕೊಳ್ಳುತ್ತದೆ, ನಿಮ್ಮ ಟಿಪ್ಪಣಿಗಳು ಅತ್ತ ಹಳೆಯದರಲ್ಲೇ ಉಳಿಯುತ್ತವೆ.

ಹಾಗಾಗಿ ಹಳೆಯ ಖಾತೆ ಜೀವಂತ ಇರುವಾಗಲೇ ಆ ಆ್ಯಪಿಗೆ ಪಾಸ್‌ವರ್ಡ್ ಕೊಡಬೇಕು. ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಸೇರಿಸುವ ಆಯ್ಕೆ ಇದ್ದರೆ ಸರಿ. ಇಲ್ಲದಿದ್ದರೆ ಲಾಗ್ಔಟ್ ಆಗಿ, ಲಾಗಿನ್ ಪುಟದಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿ, ಹಳೆಯ ಜಿಮೇಲ್ ವಿಳಾಸ ಕೊಡಿ. ಎಷ್ಟೋ ಸೈಟ್‌ಗಳು ಪಾಸ್‌ವರ್ಡೇ ಇಲ್ಲದವರಿಗೂ ಈ ದಾರಿಯಲ್ಲಿ ಹೊಸದನ್ನು ಕೊಡಲು ಬಿಡುತ್ತವೆ. ಪಾಸ್‌ವರ್ಡ್ ಬಂದ ಮೇಲೆ ಒಳಗೆ ಹೋಗಿ ಮೇಲ್ ವಿಳಾಸವನ್ನು ಹೊಸದಕ್ಕೆ ಬದಲಿಸಿ, ಹೊಸ ವಿಳಾಸಕ್ಕೆ ಬಂದ ಕೊಂಡಿ ಒತ್ತಿ ಖಚಿತಪಡಿಸಿ. ಆಮೇಲೆ ಬ್ರೌಸರ್‌ನ ಖಾಸಗಿ ವಿಂಡೋ ತೆರೆದು, ಹೊಸ ವಿಳಾಸ ಮತ್ತು ಪಾಸ್‌ವರ್ಡ್‌ನಿಂದ ಲಾಗಿನ್ ಆಗಿ ನೋಡಿ. ಟಿಪ್ಪಣಿಗಳು ಕಂಡವಾ? ಹಾಗಿದ್ದರೆ ಮಾತ್ರ ಪಟ್ಟಿಯಲ್ಲಿ ಅದನ್ನು ಹೊಡೆದುಹಾಕಿ. ಸಾಮಾನ್ಯ ವಿಂಡೋದಲ್ಲಿ ಪರೀಕ್ಷೆ ಮಾಡಬೇಡಿ, ಅಲ್ಲಿ ಗೂಗಲ್ ಲಾಗಿನ್ ಮೊದಲೇ ಇರುತ್ತದೆ, ಎಲ್ಲವೂ ಸರಿಯಾಗಿದೆ ಅನ್ನುವ ಭ್ರಮೆ ಹುಟ್ಟಿಸುತ್ತದೆ. ಈ ಯಾವ ದಾರಿಯೂ ಇಲ್ಲದ ಆ್ಯಪ್ ಆಗಿದ್ದರೆ ಅವರ ಸಹಾಯ ವಿಭಾಗಕ್ಕೆ ಹಳೆಯ ವಿಳಾಸದಿಂದಲೇ ಬರೆಯಿರಿ. ನೀವು ನೀವೇ ಅಂತ ತೋರಿಸಲು ನಿಮ್ಮ ಹತ್ತಿರ ಇರುವುದು ಆ ವಿಳಾಸ ಒಂದೇ ಅಲ್ವಾ.

ಅಂದಹಾಗೆ, connections ಪುಟದಲ್ಲಿ ಒಂದು ಆ್ಯಪನ್ನು ತೆಗೆದುಹಾಕಿದರೆ ಆ ಕಂಪನಿಯಲ್ಲಿರುವ ನಿಮ್ಮ ಖಾತೆ ಅಳಿಯುವುದಿಲ್ಲ. ಗೂಗಲ್ ಜೊತೆಗಿನ ಕೊಂಡಿ ಮಾತ್ರ ಕಡಿಯುತ್ತದೆ. ಬೇಡದ ಖಾತೆಯನ್ನು ಆಯಾ ಸೈಟ್‌ಗೇ ಹೋಗಿ ಮುಚ್ಚಬೇಕು.

ಪಟ್ಟಿಯಲ್ಲಿ ಕಾಣಿಸದೆ ಕೊನೆಗೆ ಕಾಲು ಹಿಡಿದೆಳೆಯುವ ಸಂಗತಿ ಇನ್ನೊಂದಿದೆ. ನಿಮ್ಮ ಬೇರೆ ಖಾತೆಗಳಿಗೆ ಹಳೆಯ ಜಿಮೇಲ್ ರಿಕವರಿ ವಿಳಾಸ ಆಗಿರಬಹುದು. ದಿನನಿತ್ಯ ಏನೂ ಗೊತ್ತಾಗುವುದಿಲ್ಲ. ಮುಂದೆ ಯಾವತ್ತೋ ಪಾಸ್‌ವರ್ಡ್ ಮರೆತಾಗ, ಇಲ್ಲದ ಇನ್‌ಬಾಕ್ಸಿಗೆ ಕೋಡ್ ಹೋಗುತ್ತದೆ. ಮೊದಲು ನಿಮ್ಮ ಹೊಸ ಮೇಲ್‌ನ ರಿಕವರಿ ವಿಳಾಸ ಯಾವುದು ಅಂತ ತೆಗೆದು ನೋಡಿ. ಹೊಸದು ತೆರೆಯುವಾಗ ಕೈಗೆ ಸಿಕ್ಕಿದ್ದು ಹಳೆಯದೇ ತಾನೆ, ಬಹುಶಃ ಅದನ್ನೇ ಕೊಟ್ಟಿರುತ್ತೀರಿ. ಎರಡು ಹಂತದ ಲಾಗಿನ್‌ಗೆ ಗೂಗಲ್ ಅಥೆಂಟಿಕೇಟರ್ ಬಳಸುತ್ತಿದ್ದರೆ ಅದರ ಕೋಡ್‌ಗಳನ್ನೂ ಮೊದಲೇ ಬೇರೆ ಕಡೆಗೆ ಸಾಗಿಸಿ. ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳಬಹುದು, ಆದರೆ ಪಾಸ್‌ವರ್ಡ್ ಬದಲು ಬೆರಳಚ್ಚು ಅಥವಾ ಫೋನಿನ ಲಾಕ್‌ನಿಂದ ಒಳಗೆ ಬಿಡುವ ಪಾಸ್‌ಕೀಗಳು ಆ ಫೈಲಿನಲ್ಲಿ ಬರುವುದಿಲ್ಲ, ಅವನ್ನು ಆಯಾ ಸೈಟ್‌ನಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು. ಆ ಸಿಎಸ್‌ವಿ ಫೈಲನ್ನು ಯಾರು ತೆರೆದರೂ ಓದಬಹುದು, ಹೊಸ ಕಡೆ ಸೇರಿಸಿದ ತಕ್ಷಣ ಅಳಿಸಿಬಿಡಿ.

ಈಗ ಖರೀದಿಗಳ ವಿಷಯ. ಇಲ್ಲಿ ಸಮಾಧಾನ ಹೇಳಲು ಏನೂ ಇಲ್ಲ. ಪ್ಲೇ ಸ್ಟೋರ್‌ನಲ್ಲಿ ಕೊಂಡ ಆ್ಯಪ್, ಪುಸ್ತಕ, ಸಿನಿಮಾ ಯಾವುದನ್ನೂ ಇನ್ನೊಂದು ಖಾತೆಗೆ ವರ್ಗಾಯಿಸಲು ಆಗುವುದಿಲ್ಲ, ಖಾತೆಯ ಜೊತೆಗೇ ಹೋಗುತ್ತವೆ. ಉಳಿದ ಗಿಫ್ಟ್ ಕಾರ್ಡ್ ಹಣವೂ ಅಷ್ಟೇ, ಮೊದಲೇ ಖರ್ಚು ಮಾಡಿ. ತಿಂಗಳು ತಿಂಗಳು ಕಟ್ಟುವ ಚಂದಾ ಇದ್ದರೆ `play.google.com/store/account/subscriptions` ಪುಟದಲ್ಲಿ ರದ್ದು ಮಾಡಿ. ಸುಮ್ನೆ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಫ್ಯಾಮಿಲಿ ಗ್ರೂಪಿನ ಮ್ಯಾನೇಜರ್ ನೀವೇ ಆಗಿದ್ದರೆ ಗ್ರೂಪೇ ಮುಚ್ಚಿಹೋಗುತ್ತದೆ, ಮನೆಯವರಿಗೆ ಮುಂಚೆ ಹೇಳಿ. ಡ್ರೈವ್‌ನಲ್ಲಿ ನಿಮ್ಮ ಹೆಸರಿನಲ್ಲಿದ್ದು ಬೇರೆಯವರು ಬಳಸುತ್ತಿರುವ ಫೈಲ್‌ಗಳೂ ಅವರ ಕಡೆಯಿಂದ ಮಾಯವಾಗುತ್ತವೆ.

ಇಷ್ಟು ಹೇಳಿ, ನಿಮಗೆ ನಾನೊಂದು ಬೇರೆ ದಾರಿ ತೋರಿಸಬೇಕು. ನಿಮ್ಮದು ಆಂಡ್ರಾಯ್ಡ್ ಫೋನ್. ಪ್ಲೇ ಸ್ಟೋರ್ ಬಳಸಲು ಯಾವುದಾದರೂ ಒಂದು ಗೂಗಲ್ ಖಾತೆ ಬೇಕೇ ಬೇಕು. ಅಂದರೆ ಇದನ್ನು ಅಳಿಸಿ ನೀವು ಇನ್ನೊಂದನ್ನು ತೆರೆಯುತ್ತೀರಿ, ಅದೇ ಆ್ಯಪ್‌ಗಳಿಗೆ ಮತ್ತೆ ದುಡ್ಡು ಕೊಡುತ್ತೀರಿ. ಬೇಡವಾಗಿರುವುದು ಜಿಮೇಲ್ ಮಾತ್ರ ಆಗಿದ್ದರೆ, ಖಾತೆಯ `Data & privacy` ವಿಭಾಗದಲ್ಲಿ `Delete a Google service` ಅಂತ ಒಂದು ಆಯ್ಕೆ ಇದೆ. ಅಲ್ಲಿ ಜಿಮೇಲ್ ಒಂದನ್ನೇ ಅಳಿಸಿ, ನಿಮ್ಮ ಹೊಸ ಮೇಲ್ ವಿಳಾಸವನ್ನೇ ಗೂಗಲ್ ಲಾಗಿನ್ ಆಗಿ ಕೊಡಬಹುದು. ಖರೀದಿಗಳು ಉಳಿಯುತ್ತವೆ, ಗೂಗಲ್ ಬಟನ್‌ಗಳೂ ಕೆಲಸ ಮಾಡುತ್ತವೆ. ಹಳೆಯ ವಿಳಾಸಕ್ಕೆ ಬರುವ ಮೇಲ್ ಮಾತ್ರ ನಿಲ್ಲುತ್ತದೆ, ಆದ್ದರಿಂದ ವಿಳಾಸ ಬದಲಿಸುವ ಕೆಲಸ ಇದರಲ್ಲೂ ತಪ್ಪಿದ್ದಲ್ಲ. ಫೋನ್ ಬದಲಿಸುವ ಯೋಚನೆ ಇಲ್ಲದಿದ್ದರೆ ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ.

ಇಲ್ಲ, ಪೂರ್ತಿಯೇ ಹೋಗಬೇಕು ಅನ್ನುವುದಾದರೆ ಮುಂದೆ ಓದಿ. `takeout.google.com` ಪುಟದಿಂದ ಎಲ್ಲದರ ಪ್ರತಿ ಇಳಿಸಿಕೊಳ್ಳಿ. ಸಿದ್ಧವಾದ ಫೈಲ್ ಸುಮಾರು ಒಂದು ವಾರ ಮಾತ್ರ ಸಿಗುತ್ತದೆ, ಅಷ್ಟರಲ್ಲಿ ಇಳಿಸಿ, ಬಿಚ್ಚಿ, ಬೇರೆ ಬೇರೆ ವರ್ಷದ ಒಂದಷ್ಟು ಫೋಟೊ ತೆರೆದು ನೋಡಿ. ಆಂಡ್ರಾಯ್ಡ್‌ನಲ್ಲಿ ವಾಟ್ಸ್ಆ್ಯಪ್ ಬ್ಯಾಕಪ್ ಹೋಗುವುದೂ ಗೂಗಲ್ ಖಾತೆಗೇ. ಅದರ ಸೆಟ್ಟಿಂಗ್ಸ್‌ನಲ್ಲಿ ಬೇರೆ ಖಾತೆ ಕೊಟ್ಟು ಹೊಸದಾಗಿ ಒಂದು ಬ್ಯಾಕಪ್ ತೆಗೆಯಿರಿ. `contacts.google.com` ನಿಂದ ಫೋನ್ ನಂಬರ್‌ಗಳನ್ನೂ ಇಳಿಸಿಕೊಳ್ಳಿ.

ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಹಾಕಿ, ಬಂದ ಮೇಲ್ ಎಲ್ಲಾ ಹೊಸ ವಿಳಾಸಕ್ಕೆ ಹೋಗಲಿ. ಹೊಸ ಇನ್‌ಬಾಕ್ಸಿನಲ್ಲಿ ಅವು ಒಂದು ಪ್ರತ್ಯೇಕ ಫೋಲ್ಡರಿಗೆ ಬೀಳುವ ಹಾಗೆ ಮಾಡಿ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಹಳೆಯ ಖಾತೆಯನ್ನು ತೆಗೆಯಿರಿ, ಕಂಪ್ಯೂಟರಿನಲ್ಲೂ ಲಾಗ್ಔಟ್ ಆಗಿ. ಖಾತೆ ಅಳಿಸಿಲ್ಲ, ನೀವು ಅದನ್ನು ಮುಟ್ಟುತ್ತಿಲ್ಲ, ಅಷ್ಟೇ. ಹೀಗೆ ಒಂದು ತಿಂಗಳು ಇರಿ. ಪಟ್ಟಿ ಎಷ್ಟೇ ಚೆನ್ನಾಗಿ ಮಾಡಿದ್ದರೂ ಈ ತಿಂಗಳಲ್ಲಿ ಏನಾದರೊಂದು ಕೆಡುತ್ತದೆ, ಯಾವುದೋ ಆ್ಯಪ್ ಲಾಗಿನ್ ಕೇಳುತ್ತದೆ, ಯಾವುದೋ ಕ್ಯಾಲೆಂಡರ್ ಖಾಲಿಯಾಗುತ್ತದೆ. ಆಗ ಹಳೆಯ ಖಾತೆಗೆ ಹೋಗಿ ಸರಿಮಾಡಿಕೊಂಡು ಮತ್ತೆ ಹೊರಗೆ ಬನ್ನಿ. ಆ ಫೋಲ್ಡರಿಗೆ ಬೀಳುವ ಒಂದೊಂದು ಮೇಲೂ ನೀವು ಬಿಟ್ಟುಹೋದ ಜಾಗವನ್ನು ತೋರಿಸುತ್ತದೆ. ಲಾಗಿನ್‌ಗಳ ಮಟ್ಟಿಗೆ ಒಂದು ತಿಂಗಳು ಸಾಕು. ಆದರೆ ವಿಮೆ, ಡೊಮೇನ್ ಹೆಸರಿನ ನವೀಕರಣದಂಥ ಮೇಲ್‌ಗಳು ವರ್ಷಕ್ಕೊಮ್ಮೆ ಬರುತ್ತವೆ, ಅಂಥವು ನಿಮಗಿದ್ದರೆ ಫಾರ್ವರ್ಡಿಂಗನ್ನು ಒಂದು ವರ್ಷ ಬಿಡುವುದೇ ಒಳ್ಳೆಯದು. ಖಾತೆ ಸುಮ್ನೆ ಇದ್ದರೆ ತೊಂದರೆ ಏನೂ ಇಲ್ಲ, ಗೂಗಲ್ ತಾನಾಗಿ ಅಳಿಸಲು ಹೋಗುವುದು ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಗಳನ್ನು.

ಫೋನಿನಿಂದ ಖಾತೆ ತೆಗೆಯಿರಿ ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಖಾತೆ ಫೋನಿನಲ್ಲಿ ಇರುವಾಗಲೇ ಅದನ್ನು ಅಳಿಸಿ, ಆಮೇಲೆ ಯಾವತ್ತೋ ಫೋನ್ ಕೆಟ್ಟು ಬಟನ್‌ಗಳನ್ನು ಒತ್ತಿ ರಿಕವರಿ ಮೋಡ್‌ನಿಂದ ರೀಸೆಟ್ ಮಾಡಿದರೆ, ಕಳ್ಳತನ ತಡೆಯಲು ಇಟ್ಟಿರುವ ಬೀಗ ಎದ್ದು ಕೂರುತ್ತದೆ. ಹಿಂದೆ ಇದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಕೊಡಿ ಅನ್ನುತ್ತದೆ. ಖಾತೆಯೇ ಇಲ್ಲ ಅಂದಮೇಲೆ ಏನು ಕೊಡುತ್ತೀರಿ?

ಆ ಫೋಲ್ಡರಿಗೆ ಬೇಕಾದ ಮೇಲ್ ಬೀಳುವುದು ನಿಂತ ಮೇಲೆ `Data & privacy` ವಿಭಾಗದಲ್ಲೇ ಕೆಳಗೆ `Delete your Google Account` ಒತ್ತಿ. ಪಾಸ್‌ವರ್ಡ್ ಕೇಳುತ್ತದೆ, ಎರಡು ಚೌಕಗಳಿಗೆ ಗುರುತು ಹಾಕಿಸಿಕೊಳ್ಳುತ್ತದೆ. ಅದರಲ್ಲಿ ಒಂದು, ಬಾಕಿ ಇರುವ ಪಾವತಿಗಳಿಗೆ ಈಗಲೂ ನೀವೇ ಹೊಣೆ ಅನ್ನುವುದು. ಚಂದಾಗಳನ್ನು ಮೊದಲೇ ರದ್ದು ಮಾಡಿ ಅಂದದ್ದು ಇದಕ್ಕೇ. ಅಳಿಸಿದ ಸ್ವಲ್ಪ ದಿನ ಮರಳಿ ಪಡೆಯುವ ಅವಕಾಶ ಇರಬಹುದು, ಆದರೆ ಅದನ್ನು ನಂಬಿಕೊಂಡು ಅಳಿಸಬೇಡಿ. ನಿಮ್ಮ ಹಳೆಯ ಜಿಮೇಲ್ ವಿಳಾಸವನ್ನು ಗೂಗಲ್ ಮುಂದೆ ಬೇರೆ ಯಾರಿಗೂ ಕೊಡುವುದಿಲ್ಲ, ನಿಮಗೂ ಕೊಡುವುದಿಲ್ಲ. ಎಲ್ಲ ಕಂಪನಿಗಳೂ ಹೀಗಲ್ಲ. ಯಾಹೂ 2013ರಲ್ಲಿ ಬಳಕೆಯಲ್ಲಿಲ್ಲದ ವಿಳಾಸಗಳನ್ನು ಹೊಸಬರಿಗೆ ಕೊಟ್ಟಿತ್ತು. ಅಂಥ ಕಡೆ ಹಳೆಯ ಮೇಲ್ ಇರುವವರು ಇದನ್ನು ಓದುತ್ತಿದ್ದರೆ, ವಿಳಾಸ ಬದಲಿಸುವ ಕೆಲಸದಲ್ಲಿ ಒಂದು ಸೈಟನ್ನೂ ಬಿಡಬೇಡಿ. ಬಿಟ್ಟರೆ ನಿಮ್ಮ ಪಾಸ್‌ವರ್ಡ್ ಬದಲಿಸುವ ಕೊಂಡಿ ಅಪರಿಚಿತರ ಇನ್‌ಬಾಕ್ಸಿಗೆ ಹೋಗುತ್ತದೆ.