ಅಜ್ಜಿಗೆ ‘ಬನ್ನಿ’ ಅನ್ನು

“ಅಕ್ಕಾ, ನಾನು ಟೊರೊಂಟೊಗೆ ಬಂದು ಎರಡು ತಿಂಗಳಾಯಿತು. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆ ಅಜ್ಜಿ ಮನೆ ಖಾಲಿ ಮಾಡಿ ಚೆನ್ನೈಗೆ, ಮಗನ ಹತ್ತಿರ ಹೋಗುತ್ತಿದ್ದಾರೆ. ಅಮ್ಮ ಕೆಲಸದಿಂದ ಬರುವ ತನಕ ಅವರ ಜಗಲಿಯಲ್ಲೇ ಬೆಳೆದವಳು ನಾನು. ಬರುವ ಭಾನುವಾರ ಸಂಜೆ 5ಕ್ಕೆ ಬೀದಿಯವರೆಲ್ಲ ಸೇರ್ತಾರಂತೆ, ಫೋನಿನಲ್ಲೇ ನಾಲ್ಕು ಮಾತಾಡು ಅಂತಾರೆ ಅಮ್ಮ. ಏನು ಹೇಳಲಿ? ಹಾಗೇ, ಸ್ನೋ ಬೂಟು ಎಂಥದ್ದು ತಗೊಳ್ಳಲಿ? ನಮ್ಮ ಅಕ್ಕಿ ಸಿಗುತ್ತಾ?”

ಬೂಟು ಒಂದು ಸೈಜ್ ದೊಡ್ಡದೇ ತಗೊ, ಒಳಗೆ ದಪ್ಪ ಸಾಕ್ಸ್ ಹಾಕಬೇಕಲ್ವಾ. ಸೋನಾ ಮಸೂರಿ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಅಜ್ಜಿಯ ವಿಷಯಕ್ಕೆ ಬರುತ್ತೇನೆ, ಅದರಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ.

ನಾನಿಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಮಂಡ್ಯದ ನಮ್ಮ ಎದುರು ಮನೆ ಅಜ್ಜಿ ಪುಣೆಗೆ, ಮಗಳ ಮನೆಗೆ ಹೊರಟರು. ಅಮ್ಮ ಫೋನು ಅವರ ಕೈಗೆ ಕೊಟ್ಟಾಗ ನಾನು ಬಸ್‌ಸ್ಟಾಪಿನಲ್ಲಿದ್ದೆ. ಗ್ಲೌಸ್ ತೆಗೆದ ಕೈ ಮರಗಟ್ಟುತ್ತಿತ್ತು, ಬಸ್ಸು ಆಗಲೇ ಕಾಣುತ್ತಿತ್ತು. “ಇನ್ನೇನಜ್ಜಿ, ಮಗಳ ಮನೇಲಿ ಆರಾಮಾಗಿರಿ. ಈ ವಯಸ್ಸಲ್ಲಿ ಒಬ್ಬರೇ ಎಷ್ಟು ದಿನ ಇರ್ತೀರ?” ಅಂದೆ. “ಹ್ಞೂಂ ಕಣವ್ವ” ಅಂದರು, ಅಷ್ಟೇ. ಎರಡು ದಿನ ಬಿಟ್ಟು ಅಮ್ಮ ಹೇಳಿದರು. ಆಟೊ ಹತ್ತುವಾಗ ಅಜ್ಜಿ, “ಎಲ್ರೂ ನಾನು ಹೋಗೋದೇ ಒಳ್ಳೇದು ಅಂದ್ರು. ಮತ್ತೆ ಬಾ ಅಂತ ಒಬ್ರೂ ಅನ್ಲಿಲ್ಲ” ಅಂದರಂತೆ.

ಹಾಲು ತರಲು ಹೊರಟವರಿಗೂ ನಾವು ‘ಹೋಗಿ ಬಾ’ ಅನ್ನುತ್ತೇವೆ. ಅವರಿಗೆ ನಾನು ಅನ್ನಲಿಲ್ಲ. ಅವರು ಮತ್ತೆ ಮಂಡ್ಯ ನೋಡಲಿಲ್ಲ.

ಅದಕ್ಕೇ ಹೇಳುತ್ತೇನೆ, ‘ಇನ್ನು ನೆಮ್ಮದಿ’, ‘ಮೊಮ್ಮಕ್ಕಳ ಜೊತೆ ಕಾಲ ಕಳೀಬಹುದು’ ಅನ್ನಬೇಡ. ಒಳ್ಳೆ ಮಾತೇ, ಆದರೆ ಮನೆ ಬಿಟ್ಟು ಹೊರಟವರ ಕಿವಿಗೆ ‘ನಿಮ್ಮ ಇಲ್ಲಿನ ದಿನ ಮುಗೀತು’ ಅಂತಲೇ ಕೇಳಿಸುತ್ತದೆ. ‘ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಿರಿ, ಎಂಥ ಕೈರುಚಿ ಇತ್ತು’ ಅಂತ ಇತ್ತು-ಇದ್ದಿರಿ ಸೇರಿಸಿ ಹೊಗಳುವುದೂ ಬೇಡ. ಹಾಗೆ ನಾವು ಮಾತಾಡುವುದು ತೀರಿಕೊಂಡವರ ಬಗ್ಗೆ. ನೀನು ಕಂಡ ಒಂದೇ ಒಂದು ವಿಷಯ ಹೇಳು, ಆಮೇಲೆ ಅವರನ್ನು ಏನಾದರೂ ಕೇಳು. ಕೇಳಿದರೆ ಇನ್ನೂ ತಮ್ಮಿಂದ ಬೇಕಾದದ್ದು ಇದೆ ಅಂತ ಅವರಿಗೆ ಅನಿಸುತ್ತದೆ. ಹೀಗೆ:

“ಅಜ್ಜಿ, ನಾನು. ಇಲ್ಲಿ ಈಗ ರಾತ್ರಿ, ಹೊರಗೆಲ್ಲ ಹಿಮ. ಸ್ಕೂಲಿಂದ ಬಂದ ತಕ್ಷಣ ನಿಮ್ಮ ಜಗಲಿಯಲ್ಲಿ ಕೂರಿಸಿ ಕೈಕಾಲು ತೊಳೆಸ್ತಿದ್ರಲ್ಲ, ಈಗಲೂ ಹೊರಗಿಂದ ಬಂದರೆ ಮೊದಲು ಅದನ್ನೇ ಮಾಡ್ತೀನಿ. ನಿಮ್ಮ ಗೊಜ್ಜವಲಕ್ಕಿ ನನಗೆ ಇನ್ನೂ ಬರ್ತಿಲ್ಲ, ಚೆನ್ನೈಗೆ ಫೋನ್ ಮಾಡಿ ಕೇಳ್ತೀನಿ, ಹೇಳಿಕೊಡಬೇಕು. ನಾನು ಊರಿಗೆ ಬಂದಾಗ ನೀವೂ ಬನ್ನಿ, ನಮ್ಮ ಮನೇಲೇ ಇರಿ. ಹೋಗಿ ಬನ್ನಿ ಅಜ್ಜಿ.”

ಗೊಜ್ಜವಲಕ್ಕಿ ಜಾಗದಲ್ಲಿ ನಿನಗೆ ನಿಜವಾಗಿ ನೆನಪಿರುವುದನ್ನು ಹಾಕು. ‘ನಮ್ಮ ಮನೇಲೇ ಇರಿ’ ಅನ್ನುವುದನ್ನು ಮಾತ್ರ ಅಮ್ಮನನ್ನು ಕೇಳಿಯೇ ಸೇರಿಸು. ನಾಳೆ ಅವರು ನಿಜವಾಗಿ ಬಂದು ನಿಂತರೆ ಮಂಚ ಹಾಕಿಕೊಡಬೇಕಾದವರು ಅಮ್ಮ. ಆಗದಿದ್ದರೆ ‘ಬನ್ನಿ’ ಇಷ್ಟೇ ಸಾಕು.

ಅಲ್ಲಿ ಸಂಜೆ 5 ಅಂದರೆ ಚಳಿಗಾಲದಲ್ಲಿ ಇಲ್ಲಿ ಬೆಳಗ್ಗೆ 6:30. ಆ ಗದ್ದಲದಲ್ಲಿ ವಿಡಿಯೊ ಕಾಲ್ ಬೇಡ. ವಯಸ್ಸಾದವರಿಗೆ ಮೊದಲು ಮಂದವಾಗುವುದು ಸಣ್ಣ, ಚೂಪು ದನಿ. ಸ, ತ, ಕ ಇಂಥವು ಜಾರಿಹೋಗಿ ಮಾತು ಕಲಸಿದಂತೆ ಕೇಳುತ್ತದೆ. ಕಿರುಚಿದರೆ ಇನ್ನೂ ಕೆಡುತ್ತದೆ. ಹಿಂದಿನ ರಾತ್ರಿಯೇ ನಿಧಾನವಾಗಿ, ದಪ್ಪ ದನಿಯಲ್ಲಿ ಹೇಳಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಅಮ್ಮನಿಗೆ ಕಳಿಸು. ಎಲ್ಲರೂ ಎದ್ದುಹೋದ ಮೇಲೆ ಅಮ್ಮ ಒಳಗೆ ಕೂತು ಕೇಳಿಸಲಿ. ಮಗನ ಫೋನಿಗೂ ಕಳಿಸು, ಬೇಕಾದಾಗ ಮತ್ತೆ ಹಾಕಿಸಿಕೊಳ್ಳುತ್ತಾರೆ.

ಶಾಲು ಗೀಲು ತರಿಸಬೇಡ, ಗಂಟು ಜಾಸ್ತಿಯಾಗುತ್ತದೆ. ಅಜ್ಜಿ ಎಲೆ ಅಡಿಕೆ ಹಾಕುವವರಾದರೆ ದೇವರಾಜ ಮಾರ್ಕೆಟ್ಟಿಂದ ಚಿಗುರು ವೀಳ್ಯದೆಲೆ ಒಂದು ಕಟ್ಟು ತರಿಸು. ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ನಾಲ್ಕು ದಿನ ಬಾಡುವುದಿಲ್ಲ. ಚೆನ್ನೈನಲ್ಲೂ ಎಲೆ ಸಿಗುತ್ತದೆ, ಆ ಚಿಗುರಿನ ರುಚಿ ಬೇರೆ.

ಹೋದ ಮೇಲಿನ ಮೊದಲ ವಾರ ಮರೀಬೇಡ. ಮಗ ಸೊಸೆ ಕೆಲಸಕ್ಕೆ ಹೋದರೆ ಹಗಲು ಹೊತ್ತು ಕನ್ನಡ ಆಡಲು ಜನ ಇರುವುದಿಲ್ಲ. ಇಲ್ಲಿ ರಾತ್ರಿ 11:30 ಆದಾಗ ಅಲ್ಲಿ ಮರುದಿನ ಬೆಳಗ್ಗೆ 10. ಆಗ ಫೋನ್ ಮಾಡು. ಮಾರ್ಚ್ ಎರಡನೇ ಭಾನುವಾರ ಇಲ್ಲಿ ಗಡಿಯಾರ ಮುಂದೆ ಹೋಗುತ್ತದೆ, ಆಮೇಲೆ ಅದೇ ಹೊತ್ತಿಗೆ ಮಾಡಿದರೆ ಅಲ್ಲಿ 9 ಗಂಟೆ. ಸ್ನಾನಕ್ಕೆ ಹೋಗಿದ್ದರೆ ಮತ್ತೆ ಮಾಡು, ಸುಮ್ನೆ ಇಟ್ಟುಬಿಡಬೇಡ.